ನೋಡೂಣು ಅಂದವರು

ನಮ್ಮ ಕಡೆಯ ಹೆಂಗಸರನ್ನು ಎಲ್ಲಿಗಾದರೂ ಬರುತ್ತೀರಾ ಅಂತ ಕೇಳಿ ನೋಡಿ. ಹೂಂ ಅನ್ನುವುದಿಲ್ಲ, ಊಹೂಂ ಅಂತಲೂ ಅನ್ನುವುದಿಲ್ಲ. ‘ನೋಡೂಣು’ ಅನ್ನುತ್ತಾರೆ. ಮನೆಯಲ್ಲಿ ಕೇಳಬೇಕು, ಅತ್ತೆಯ ಮೊಣಕಾಲು ನೋಡಬೇಕು, ಎಮ್ಮೆ ಈಯುವ ದಿನ ನೋಡಬೇಕು, ಅದೆಲ್ಲ ಸೇರಿ ಒಂದು ನೋಡೂಣು. ಹಾಗಂದವರು ಹೊರಡುವ ದಿನ ಚೀಲ ಹಿಡಿದು ಎಲ್ಲರಿಗಿಂತ ಮೊದಲೇ ನಿಂತಿರಬಹುದು, ನಿಲ್ಲದೆಯೂ ಇರಬಹುದು. ಇಂಥ ಹದಿಮೂರು ಮಂದಿಯನ್ನು ಕಟ್ಟಿಕೊಂಡು ನಾನು ಗೋಕರ್ಣಕ್ಕೆ ಹೊರಡಬೇಕಾಗಿತ್ತು. ನನ್ನ ತಾಳ್ಮೆಯ ಬಗ್ಗೆ ಊರಲ್ಲಿ ಯಾರೂ ಒಳ್ಳೆಯ ಮಾತಾಡುವುದಿಲ್ಲ, ಅದು ನಿಜವೇ.

ನಾನು ದಾಕ್ಷಾಯಿಣಿ. ಗೋಕಾಕದ ಬಜಾರದಲ್ಲಿ ಜಂಪರು ಹೊಲಿಯುವ ಅಂಗಡಿ ಇಟ್ಟಿದ್ದೇನೆ. ನಾವೆಲ್ಲ ಗೋಕಾಕ ಫಾಲ್ಸಿನ ಶಾಲೆಯಲ್ಲಿ ಒಂದೇ ಬೆಂಚುಗಳಲ್ಲಿ ಕೂತು ಹತ್ತನೇ ಇಯತ್ತೆ ಮುಗಿಸಿದವರು. ಮದುವೆಯಾಗಿ ಒಬ್ಬಳು ಮೂಡಲಗಿಗೆ, ಒಬ್ಬಳು ಬೆಲ್ಲದ ಬಾಗೇವಾಡಿಗೆ, ಒಬ್ಬಳು ಹುಕ್ಕೇರಿಗೆ ಹೋದರೂ ಮೊಬೈಲು ಬಂದ ಮೇಲೆ ಒಂದು ಗ್ರೂಪಿನಲ್ಲಿ ಮತ್ತೆ ಸೇರಿಕೊಂಡೆವು. ಒಮ್ಮೆ ಎಲ್ಲರೂ ಕೂಡಿ ಸಮುದ್ರ ನೋಡಬೇಕು ಅನ್ನುವುದು ಹಳೆಯ ಆಸೆ. ದೀಪಾವಳಿ ಮುಗಿದು ಸ್ವಲ್ಪ ದಿನಕ್ಕೆ ನಾನೇ ಗ್ರೂಪಿನಲ್ಲಿ ಹಾಕಿದೆ: ಬರುವ ತಿಂಗಳ ಮೊದಲ ಶನಿವಾರ ನಸುಕಿನಲ್ಲಿ ಹೊರಡೋಣ, ಯಾರು ಯಾರು ಬರುತ್ತೀರಿ ಹೇಳಿ.

ಬಂದ ಉತ್ತರಗಳನ್ನು ನೀವು ನೋಡಬೇಕಿತ್ತು. ಎರಡು ಕೈ ಮುಗಿದ ಚಿತ್ರ. ಒಂದು ಗುಲಾಬಿ. ‘ಮಸ್ತ ಆಕ್ಕೇತಿ’. ‘ದೇವರ ಮನಸ್ಸಿನ್ಯಾಗ ಇದ್ದರ’. ‘ನೀವೆಲ್ಲಾ ಬಂದ್ರ ನಾನೂ’. ಆಮೇಲೆ ಸಾಲಾಗಿ ನೋಡೂಣು, ನೋಡೂಣು, ನೋಡೂಣು. ಅಷ್ಟರ ನಡುವೆ ಒಂದೇ ಒಂದು ನೇರವಾದ ಮಾತು ಬಂದಿತ್ತು. ಹುಕ್ಕೇರಿಯ ತ್ರಿಶಲಾಳದು: ‘ನಾ ಖಂಡಿತ ಬರ್ತೇನಿ. ನನ್ನ ಹೆಸರ ಬರಕೊಳ್ರಿ.’

ನಾನು ಹಿಗ್ಗಿಹೋದೆ. ‘ತ್ರಿಶಲಾನ ನೋಡಿ ಕಲೀರಿ’ ಅಂತ ಉಳಿದವರಿಗೆ ಬೈದು ಬರೆದೆ. ಯಾಕೆ ಹಿಗ್ಗಿದೆ ಅಂದರೆ, ಅವಳ ಸಂಸಾರ ಸರಿ ಇರಲಿಲ್ಲ. ಶ್ರಾವಣದಲ್ಲಿ ಒಂದು ಮದುವೆಗೆ ಬಂದಾಗ ನನ್ನ ಬಾಜೂ ಕೂತು ಹೇಳಿದ್ದಳು: “ಇವರಿಗೆ ಇನ್ನೊಂದ ಮದುವಿ ಆಗೂದೈತಂತ. ಸೋಡಚೀಟಿ ಕೊಡು, ಮದುವಿ ಮುರಕೊಳ್ಳೂಣು ಅಂತ ಗಂಟ ಬಿದ್ದಾರ. ನಾ ಕೊಡಂಗಿಲ್ಲ, ದಾಕ್ಷಿ. ಯಾತಕ್ಕ ಕೊಡಲಿ?” ಗಂಡ ಶ್ರೇಣಿಕ ಹುಕ್ಕೇರಿಯಲ್ಲಿ ಗೊಬ್ಬರದ ಅಂಗಡಿಯವನು, ಅಂಗಡಿಯ ಮೇಲೆಯೇ ಮನೆ. ಮಾತು ನಯ, ಎಲ್ಲರಿಗೂ ಬೇಕಾದವನು. ಅಂಥ ಮನೆಯಿಂದ ಎರಡು ದಿನವಾದರೂ ಹೊರಗೆ ಬಂದು ಅವಳು ಗಾಳಿ ಉಂಡರೆ ಸಾಕು ಅನ್ನಿಸಿತ್ತು ನನಗೆ.

ಗಾಡಿಯ ಬೀರಸಿದ್ದಪ್ಪ ದಿನಾ ಅಂಗಡಿಗೆ ಬಂದು ತಲೆ ತಿನ್ನತೊಡಗಿದ. “ಅಕ್ಕಾರ, ಹತ್ತ ಮಂದಿ ಆದರ ಕ್ರೂಝರ್ ಸಾಕು. ಹೆಚ್ಚ ಆದರ ದೊಡ್ಡ ಗಾಡಿ, ಟಿ.ಟಿ. ತರಸ್ಬೇಕು. ಖರೆ ಬರಾವ್ರು ಎಷ್ಟ ಮಂದಿ, ಅದನ್ನ ಹೇಳ್ರಿ. ನೋಡೂಣು ಅನ್ನಾವ್ರಿಗೆ ನನ್ನ ಗಾಡ್ಯಾಗ ಸೀಟಿಲ್ಲ.”

ಗ್ರೂಪಿನಲ್ಲಿ ಮತ ಹಾಕಿಸುವ ಸೌಲಭ್ಯ ಇದೆಯಲ್ಲ, ಅದನ್ನು ಹಾಕಿದೆ. ಬರ್ತೇನಿ, ಬರಂಗಿಲ್ಲ, ನೋಡೂಣು ಅಂತ ಮೂರು ಉತ್ತರ ಕೊಟ್ಟಿದ್ದೇ ನನ್ನ ದಡ್ಡತನ. ತ್ರಿಶಲಾಳನ್ನು ಬಿಟ್ಟು ಎಲ್ಲರೂ ಹೋಗಿ ಮೂರನೆಯದನ್ನೇ ಒತ್ತಿದರು. ಅದನ್ನು ತೆಗೆದು ಎರಡೇ ಉತ್ತರ ಇಟ್ಟು ಮತ್ತೆ ಹಾಕಿದೆ. ಒಂದಕ್ಕಿಂತ ಹೆಚ್ಚು ಉತ್ತರ ಒತ್ತಲು ಬರದಂತೆ ಮಾಡುವುದನ್ನು ಮರೆತಿದ್ದೆ. ಇಬ್ಬರು ಮಹಾತಾಯಂದಿರು ಬರ್ತೇನಿ, ಬರಂಗಿಲ್ಲ ಎರಡನ್ನೂ ಒತ್ತಿದ್ದರು. ಅವತ್ತು ನಾನು ಹೊಲಿಯುತ್ತಿದ್ದ ಜಂಪರಿನ ತೋಳು ತಿರುಗುಮುರುಗಾಯಿತು.

ಆಮೇಲೆ ಬುದ್ಧಿ ಬಂತು. ನಮ್ಮವರು ಬಾಯಿಂದ ಒಪ್ಪುವುದಿಲ್ಲ, ಕೈಯಿಂದ ಒಪ್ಪುತ್ತಾರೆ. ಗ್ರೂಪಿನಲ್ಲಿ ಕೇಳುವುದನ್ನು ಬಿಟ್ಟು ಒಬ್ಬೊಬ್ಬರಿಗೆ ಬೇರೆಬೇರೆಯಾಗಿ ಮೂರು ಪ್ರಶ್ನೆ ಕಳಿಸಿದೆ. ಗಾಡಿ ಎಲ್ಲಿ ಹತ್ತುತ್ತೀ? ಲಾಡ್ಜಿಗೆ ಆಧಾರ ಕಾರ್ಡಿನ ಫೋಟೋ ಬೇಕು, ಕಳಿಸುತ್ತೀಯಾ? ದಾರಿಗೆ ಬುತ್ತಿ ಏನು ತರುತ್ತೀ? ಗುರುವಾರ ಹೊತ್ತು ಮುಳುಗುವುದರೊಳಗೆ ಮೂರಕ್ಕೂ ಉತ್ತರ ಕೊಟ್ಟವರ ಹೆಸರು ಪಟ್ಟಿಯಲ್ಲಿ, ಕೊಡದವರದು ಇಲ್ಲ. ಹೆಬ್ಬೆರಳಿನ ಚಿತ್ರ ಲೆಕ್ಕಕ್ಕಿಲ್ಲ, ಗುಲಾಬಿಯೂ ಲೆಕ್ಕಕ್ಕಿಲ್ಲ.

ಇದು ಕೆಲಸ ಮಾಡಿತು. ಫಾಲ್ಸಿನ ಮಿಲ್ಲಿನ ಕ್ಯಾಂಟೀನಿನಲ್ಲಿ ದುಡಿಯುವ ಕಾಡವ್ವ, ಅಲ್ಲಿಯವರೆಗೆ ನೋಡೂಣು ಬಿಟ್ಟು ಬೇರೆ ಅಕ್ಷರ ಬರೆಯದವಳು, ಕೂಡಲೇ ಫೋನು ಮಾಡಿದಳು. “ಕಟಕ ರೊಟ್ಟಿ ನಂದು. ಮೂವತ್ತ ಸಾಕಾಗತಾವೇನ? ಪದ್ಮಿ ಹೋದ ಸಲ ಕೆಂಪ ಖಾರ ಭಾಳ ಉಪ್ಪ ಮಾಡಿದ್ದಳು, ಆಕೀಗೆ ಹೇಳು.” ರೊಟ್ಟಿ ಎಷ್ಟು ಅಂತ ಕೇಳಿದವಳು ಬಾರದೆ ಇರುವುದಿಲ್ಲ. ಮೂಡಲಗಿಯಲ್ಲಿ ನರ್ಸ್ ಆಗಿರುವ ಸಂಘಮಿತ್ರಾ ಆಧಾರ ಕಳಿಸಿ ಶೇಂಗಾ ಹೋಳಿಗೆ ಅಂತ ಬರೆದಳು. ಬೆಲ್ಲದ ಬಾಗೇವಾಡಿಯ ಪದ್ಮವ್ವ ಕೆಂಪು ಖಾರದ ವಿಷಯಕ್ಕೆ ಕಾಡವ್ವನ ಮೇಲೆ ಹರಿಹಾಯ್ದು, ಕೊನೆಗೆ ಮೊಸರು ತರುವುದಾಗಿ ಹೇಳಿದಳು. ಜಗಳವಾಡಿದರೆ ಬಂದಂತೆಯೇ ಲೆಕ್ಕ.

ತ್ರಿಶಲಾಳ ಫೋನಿನಿಂದ ಎಲ್ಲರಿಗಿಂತ ಮೊದಲು ಉತ್ತರ ಬಂದಿತ್ತು. ಆಧಾರ ಕಾರ್ಡಿನ ಫೋಟೋ ಎರಡೂ ಬದಿಯದು. ಕೆಳಗೆ: ‘ಮನಿ ಮುಂದ ಗಾಡಿ ತರಬ್ಯಾಡ್ರಿ. ಶನಿವಾರ ನಸಕಿನ್ಯಾಗ ಹುಕ್ಕೇರಿ ಕ್ರಾಸಿನ್ಯಾಗ ನಾನ ನಿಂತಿರ್ತೇನಿ. ಐದ ಮಿನಿಟ ನೋಡ್ರಿ, ಬರಲಿಲ್ಲ ಅಂದ್ರ ಹೋಗ್ರಿ, ದಾರಿ ಕಾಯಬ್ಯಾಡ್ರಿ. ಬುತ್ತಿ ಏನೂ ಬ್ಯಾಡ, ನಾ ಎಲ್ಲ್ಯರ ಹೊಟೇಲಿನ್ಯಾಗ ತಿಂತೇನಿ. ಲಿಸ್ಟ್ ಯಾವಾಗ ಗ್ರೂಪಿನ್ಯಾಗ ಹಾಕತೀರಿ? ನನ್ನ ಹೆಸರ ಇರಲಿ.’

ಮೊದಲ ಸಲ ಓದಿ ಮುಂದೆ ಹೋದೆ. ಗುರುವಾರ ಮಧ್ಯಾಹ್ನ ಪಟ್ಟಿ ಬರೆಯಲು ಕೂತಾಗ ಅವಳ ಹೆಸರನ್ನೇ ಮೊದಲು ಹಾಕಬೇಕು ಅಂತ ಮತ್ತೆ ತೆರೆದೆ. ಆಗ ಕಣ್ಣಿಗೆ ಬಿತ್ತು: ಹೊಟೇಲಿನಲ್ಲಿ ತಿನ್ನುತ್ತೇನೆ ಅನ್ನುವ ಮಾತು.

ತ್ರಿಶಲಾ ಜೈನರ ಮಗಳು, ಹೊಟೇಲಿನ ನೀರನ್ನು ಕೂಡ ಮುಟ್ಟುವವಳಲ್ಲ. ನೆಲದೊಳಗೆ ಬೆಳೆದದ್ದು ತಿನ್ನುವುದಿಲ್ಲ, ಹೊತ್ತು ಮುಳುಗಿದ ಮೇಲೆ ಊಟ ಮಾಡುವುದಿಲ್ಲ. ಶಾಲೆಯಿಂದ ಬಾದಾಮಿಗೆ ಕರೆದೊಯ್ದಾಗಲೂ ಮಾಸ್ತರರ ಮುಂದೆ ನಿಂತು ಮೊದಲು ಕೇಳಿದ್ದು ಒಂದೇ: “ಹೊತ್ತ ಮುಳಗೂದರಾಗ ಊಟಕ್ಕ ಎಲ್ಲಿ ನಿಲ್ಲಸ್ತೀರಿ?” ಆಮೇಲೆ ಯಾವ ಮದುವೆ, ಯಾವ ಸೀಮಂತಕ್ಕೆ ಕರೆದರೂ ಅದೇ ಪ್ರಶ್ನೆ. ನಾವು ಅವಳನ್ನು ಅದರ ಮೇಲೆಯೇ ಕಾಡುತ್ತಿದ್ದೆವು. ಆ ಪ್ರಶ್ನೆ ಕೇಳದೆ ಅವಳು ಮನೆಯ ಹೊಸ್ತಿಲು ದಾಟಿದ್ದು ನನಗೆ ನೆನಪಿಲ್ಲ.

ಬೆರಳಿನಿಂದ ಮೇಲಕ್ಕೆ ತಳ್ಳುತ್ತ ಅವಳ ಹಳೆಯ ಮಾತುಗಳನ್ನು ನೋಡುತ್ತ ಹೋದೆ. ಅವಳ ದೃಷ್ಟಿ ಬಹಳ ಮಂದ, ದಪ್ಪ ಗಾಜಿನ ಚಾಳೀಸು ಇಲ್ಲದಿದ್ದರೆ ಎದುರಿನವರ ಮೋರೆ ಕಾಣುವುದಿಲ್ಲ. ಅದಕ್ಕೇ ಅವಳು ಬರೆಯುತ್ತಿರಲಿಲ್ಲ, ಯಾವಾಗಲೂ ಮಾತಾಡಿ ಕಳಿಸುತ್ತಿದ್ದಳು. ದೀಪಾವಳಿಯವರೆಗೆ ಎಲ್ಲವೂ ಧ್ವನಿಯೇ. ಆಮೇಲೆ ಒಂದೂ ಇಲ್ಲ. ಬರೀ ಅಕ್ಷರ, ಅದೂ ತಪ್ಪಿಲ್ಲದ ಅಕ್ಷರ. ಎಂಥ ಕುರುಡಿ ನಾನು! ಹೊಸ ಫೋನು ಕಲಿತಿರಬೇಕು ಅಂದುಕೊಂಡು ಸುಮ್ಮನಿದ್ದೆ.

ಫೋನು ಹಚ್ಚಿದೆ. ಗಂಟೆ ಬಾರಿಸಿ ನಿಂತಿತು. ಮರುಕ್ಷಣ ಸಂದೇಶ ಬಂತು: ‘ರೇಂಜ್ ಇಲ್ಲ. ಇಲ್ಲೇ ಬರೀರಿ. ಲಿಸ್ಟ್ ಹಾಕಿದ್ರೇನು?’

ಪದ್ಮವ್ವನಿಗೆ ಹಚ್ಚಿದೆ. ಅವಳು ಶ್ರೇಣಿಕನ ಮನೆಗೆ ದೂರದ ನೆಂಟಳು. ಎಲ್ಲವನ್ನೂ ಓದಿ ಹೇಳಿದೆ.

“ದಾಕ್ಷಿ, ತ್ರಿಶಲಾನ ಅತ್ತಿನ ಅಂವ ಕೊಲ್ಲಾಪುರಕ್ಕ ಮಗಳ ಮನಿಗೆ ಕಳಿಸ್ಯಾನಂತ. ಮನ್ಯಾಗ ಅವರಿಬ್ಬರ ಇದ್ದಾರ. ಹೋದ ವಾರ ನಾ ಹೋದರ ತ್ರಿಶಲಾಗ ಜ್ವರಾ, ಮಲಗ್ಯಾಳ ಅಂತ ಕೆಳಗಿಂದನ ಚಾ ಕುಡಿಸಿ ಕಳಿಸಿದ.” ಮತ್ತೆ ಅಂದಳು: “ನೀ ಲಿಸ್ಟ್ ಹಾಕಿದೀ ಅನ್ನು. ಶನಿವಾರ ನಾವು ಕ್ರಾಸಿನ್ಯಾಗ ನಿಂತಿವಿ, ಆಕಿ ಬರಲಿಲ್ಲ, ನಾವು ಹೋದಿವಿ. ಆಮ್ಯಾಲ ಯಾರರ ಕೇಳಿದ್ರ ಅಂವ ಏನಂತಾನ? ನನ್ನ ಹೆಂಡತಿ ಗೆಳತ್ಯಾರ ಜೋಡಿ ಹೋಗ್ಯಾಳ, ನೋಡ್ರಿ ಲಿಸ್ಟಿನ್ಯಾಗ ಹೆಸರೈತಿ, ಆಧಾರ ಕಳಿಸ್ಯಾಳ. ಮನಿ ಬಿಟ್ಟಾಕಿ ಎಲ್ಲಿ ಹೋದಳೋ ನನಗೇನ ಗೊತ್ತು.”

ಹೊಲಿಗೆ ಯಂತ್ರದ ಮುಂದೆ ಹಾಗೇ ಕೂತುಬಿಟ್ಟೆ. ನನಗೆ ಭಯವಾಯಿತು, ಮುಚ್ಚಿಡುವುದೇನು. ನಾನು ಬೈದು, ಕಾಡಿ, ಗಡುವು ಹಾಕಿ ಮಾಡುತ್ತಿದ್ದ ಪಟ್ಟಿಯನ್ನೇ ಶ್ರೇಣಿಕ ಅವಳ ಫೋನು ಹಿಡಿದು ಕಾಯುತ್ತಿದ್ದ. ಬರುತ್ತೇನೆ ಅಂದವಳೇ ಬರುವವಳು ಅಂತ ಅವನು ತಿಳಿದಿದ್ದ. ಹೆಂಗಸರ ಗ್ರೂಪು ಓದಿದ ಗಂಡಸಿಗೆ ಅಷ್ಟೇ ತಿಳಿಯುವುದು. ಮೂರು ಪ್ರಶ್ನೆಯಲ್ಲಿ ಬುತ್ತಿಯದು ಹೆಂಗಸರ ಹರಟೆ ಅಂದುಕೊಂಡು ಕೈ ಝಾಡಿಸಿಬಿಟ್ಟಿದ್ದ.

ಅವನು ಗ್ರೂಪಿನಲ್ಲಿ ಕಣ್ಣಿಟ್ಟಿದ್ದಾನೆ, ಅಲ್ಲಿ ಇದರ ಒಂದಕ್ಷರವೂ ಬರೆಯುವಂತಿಲ್ಲ. ‘ಇನ್ನೂ ಇಬ್ಬರ ಆಧಾರ ಬರೂದೈತಿ, ಲಿಸ್ಟ್ ನಾಳೆ ಸಂಜಿಕೆ ಹಾಕತೇನಿ’ ಅಂತ ಅವನಿಗೆ ಸಂಶಯ ಬಾರದಂತೆ ಅದೇ ಗ್ರೂಪಿನಲ್ಲಿ ಹಾಕಿದೆ. ತ್ರಿಶಲಾಳ ಫೋನಿನಿಂದ ಹೆಬ್ಬೆರಳಿನ ಚಿತ್ರ ಬಂತು. ಆಮೇಲೆ ಆ ನಂಬರು ಒಂದನ್ನು ಬಿಟ್ಟು ಉಳಿದ ಎಲ್ಲರನ್ನೂ ಸೇರಿಸಿ ಹೊಸ ಗ್ರೂಪು ಮಾಡಿ, ಅದಕ್ಕೆ ‘ಬುತ್ತಿ’ ಅಂತ ಹೆಸರಿಟ್ಟೆ. ಇದ್ದದ್ದನ್ನು ಇದ್ದ ಹಾಗೆ ಮಾತಾಡಿ ಕಳಿಸಿದೆ. ಕೊನೆಗೆ ಕೇಳಿದೆ: “ನಾಳೆ ಮುಂಜಾನೆ ನಾ ಹುಕ್ಕೇರಿಗೆ ಹೊಂಟೇನಿ. ಯಾರ ಯಾರ ಬರ್ತೀರಿ?”

ಸಮುದ್ರಕ್ಕೇ ಬರುತ್ತೇನೆ ಅನ್ನದವರು ಇದಕ್ಕೆ ಅಂದಾರೆಯೇ? ಇನ್ನೊಬ್ಬರ ಮನೆಯ ಗಂಡ ಹೆಂಡಿರ ವಿಷಯ. ನಾಳೆ ಏನೂ ಇಲ್ಲ ಅಂತಾದರೆ ಊರ ತುಂಬ ನಗೆಗೇಡು. ಒಬ್ಬಳು ನೋಡೂಣು ಅಂದರೂ ಫೋನನ್ನು ಘಟಪ್ರಭೆಗೆ ಎಸೆಯಬೇಕು ಅಂದುಕೊಂಡು ಪರದೆಯನ್ನೇ ನೋಡುತ್ತ ಕೂತೆ.

ಮೊದಲು ಕಾಡವ್ವನ ಧ್ವನಿ ಬಂತು. “ಬರ್ತೇನಿ.” ಅಷ್ಟೇ. ಹಿಂದೆಯೇ ಸಂಘಮಿತ್ರಾ: “ಬರ್ತೇನಿ. ಡ್ಯೂಟಿ ಬದಲಿ ಮಾಡಕೊಂಡೇನಿ. ಪೊಲೀಸರಿಗೆ ಈಗ ಏನಂತ ಹೇಳೂದು, ಬರ್ತೇನಿ ಅಂದಾಳ, ಅದಕ್ಕ ಸಂಶೆ ಅಂತ ಹೇಳೂದೇನು? ಮೊದಲ ನಾವ ಹೋಗೂಣು, ಮ್ಯಾಲ ಹೋಗಾಕ ಬಿಡಲಿಲ್ಲ ಅಂದ್ರ ಅಲ್ಲಿಂದನ ಒಂದ ಒಂದ ಎರಡಕ್ಕ ಹಚ್ಚತೇನಿ.” ಪದ್ಮವ್ವ: “ಬಾಗೇವಾಡ್ಯಾಗ ನಿಂತಿರ್ತೇನಿ.” ಮತ್ತೊಬ್ಬಳು, ಮತ್ತೊಬ್ಬಳು. ಬರಲಾಗದವರು ಕೂಡ ಆಗೂದಿಲ್ಲ ಅಂತ ನೇರವಾಗಿಯೇ ಅಂದು, ಯಾಕೆ ಅಂತಲೂ ಹೇಳಿದರು. ಗುಲಾಬಿ ಇರಲಿಲ್ಲ, ಕೈ ಮುಗಿದ ಚಿತ್ರ ಇರಲಿಲ್ಲ. ಒಂದು ತಿಂಗಳು ತಲೆ ಕೆಡಿಸಿಕೊಂಡಿದ್ದ ಪಟ್ಟಿ ಹೊತ್ತು ಮುಳುಗುವುದರೊಳಗೆ ತಾನಾಗಿ ಆಯಿತು. ಬೀರಸಿದ್ದಪ್ಪನಿಗೆ ಒಂಬತ್ತು ಮಂದಿ ಅಂತ ಹೇಳಿದೆ.

ಶುಕ್ರವಾರ ಬೆಳಿಗ್ಗೆ ಕ್ರೂಝರ್ ಮೂಡಲಗಿಯಿಂದ ಸಂಘಮಿತ್ರಾಳನ್ನು ಕರೆದುಕೊಂಡು ಬಂತು. ಗೋಕಾಕದಲ್ಲಿ ನಾವು ಕೆಲವರು, ಫಾಲ್ಸಿನ ಹತ್ತಿರ ಕಾಡವ್ವ ಹತ್ತಿದೆವು. ದಾರಿಯುದ್ದಕ್ಕೂ ಕಬ್ಬಿನ ಟ್ರ್ಯಾಕ್ಟರುಗಳು, ಒಂದನ್ನು ದಾಟಿದರೆ ಮುಂದೆ ಇನ್ನೊಂದು. ಬಾಗೇವಾಡಿಯಲ್ಲಿ ಪದ್ಮವ್ವ ಹತ್ತಿ ಕೂತಾಗ ಅವಳ ಕೈಯಲ್ಲಿ ಮೊಸರಿನ ಡಬ್ಬಿ ಇತ್ತು. ನಾನು ಹಿಂದೆ ತಿರುಗಿ ನೋಡಿದೆ. ಕಾಡವ್ವನ ತೊಡೆಯ ಮೇಲೆ ಬಟ್ಟೆಯಲ್ಲಿ ಕಟ್ಟಿದ ರೊಟ್ಟಿ. ಸಂಘಮಿತ್ರಾಳ ಕಾಲ ಬಳಿ ಹೋಳಿಗೆಯ ಡಬ್ಬಿ. ಎಲ್ಲರೂ ತಂದಿದ್ದರು. ತರಬೇಕು ಅಂತ ಯಾರೂ ಯಾರಿಗೂ ಹೇಳಿರಲಿಲ್ಲ.

ಶ್ರೇಣಿಕ ಅಂಗಡಿಯಲ್ಲಿದ್ದ. ನಾಲ್ಕಾರು ರೈತರು ಗೊಬ್ಬರಕ್ಕೆ ನಿಂತಿದ್ದರು. ಗಾಡಿಯಿಂದ ಒಬ್ಬೊಬ್ಬರಾಗಿ ನಾವು ಇಳಿಯುವುದನ್ನು ಅವನು ನೋಡಿದ. ಮುಖದಲ್ಲಿ ನಗು ಇತ್ತು, ಆದರೆ ಕೈಯಲ್ಲಿದ್ದ ಪೆನ್ನು ನಿಂತಿತ್ತು.

“ಏನ ವೈನಿ, ಎಲ್ಲಾರೂ ಇಲ್ಲೆ? ಟ್ರಿಪ್ ನಾಳೆ ಅಲ್ಲೇನ್ರಿ?”

“ಹೌದ್ರಿ. ತ್ರಿಶಲಾನ ಮಾತಾಡ್ಸಿ ಹೋಗೂಣು ಅಂತ ಬಂದಿವಿ.”

“ಆಕಿ ನಿನ್ನೇನ ತವರಿಗೆ ಹೋದಳಲ್ರಿ. ಅಲ್ಲಿಂದನ ನಾಳೆ ಕ್ರಾಸಿಗೆ ಬರ್ತಾಳ.”

“ಹೌದೇನ್ರಿ” ಅಂದು ನಾನು ತ್ರಿಶಲಾಳ ನಂಬರು ಒತ್ತಿದೆ. ಅವನ ಅಂಗಿಯ ಜೇಬಿನಲ್ಲಿ ಗಂಟೆ ಬಾರಿಸಿತು. ರೈತರು ತಿರುಗಿ ನೋಡಿದರು.

“ಫೋನ್ ಬಿಟ್ಟ ಹೋಗ್ಯಾಳ” ಅಂದ.

“ಹಂಗಾರ ನಿನ್ನೆ ಸಂಜಿಕೆ ನನಗ ಹೆಬ್ಬಟ್ಟ ತೋರಿಸಿದಾವ್ರು ಯಾರ್ರಿ?”

ಪದ್ಮವ್ವ ಆಗಲೇ ಅಂಗಡಿಯ ಬಾಜೂ ಇರುವ ಮೆಟ್ಟಿಲು ಹತ್ತುತ್ತಿದ್ದಳು. “ಏ, ಮ್ಯಾಲ ಯಾರೂ ಇಲ್ಲ, ಕೀಲಿ ಹಾಕೇತಿ” ಅಂತ ಅವನು ಎದ್ದ. ಕಾಡವ್ವ ಮೆಟ್ಟಿಲಿನ ಬಾಯಿಗೆ ಹೋಗಿ ನಿಂತಳು. ಅವಳು ಮೈಕಟ್ಟಿನ ಹೆಂಗಸು. “ನೀವ ವ್ಯಾಪಾರ ನೋಡಕೊಳ್ರಿ, ಅಣ್ಣಾರ” ಅಂದಳು. ರೈತರಲ್ಲಿ ಒಬ್ಬ ಹಿರಿಯ “ಏನೈತ್ರವ್ವಾ?” ಅಂತ ಅವಳ ಪಕ್ಕಕ್ಕೆ ಬಂದು ನಿಂತ. ಸಂಘಮಿತ್ರಾ ರಸ್ತೆಗೆ ಸರಿದು ಪೊಲೀಸರಿಗೆ ಹಚ್ಚಿದಳು.

ನಾನು ಪದ್ಮವ್ವನ ಹಿಂದೆ ಓಡಿದೆ. ಕೀಲಿ ಹಾಕಿರಲಿಲ್ಲ, ಬಾಗಿಲು ಮುಂದಕ್ಕೆ ಎಳೆದಿತ್ತು ಅಷ್ಟೇ. ಮೇಲಿನ ಪಡಸಾಲೆಯಲ್ಲಿ ಬಾಗಿಲಿನ ಬಳಿಯೇ ಒಂದು ಚೀಲ ಸಿದ್ಧವಾಗಿತ್ತು. ಊರಿಗೆ ಹೊರಟವರ ಚೀಲ. ಝಿಪ್ಪು ಎಳೆದು ನೋಡಿದೆ. ಎರಡು ಹೊಸ ಸೀರೆ, ಬಾಚಣಿಗೆ, ಟವೆಲು, ಆಧಾರ ಕಾರ್ಡು. ಎಲ್ಲವನ್ನೂ ಗಂಡಸಿನ ಕೈ ಮಡಚಿದ್ದು ತಿಳಿಯುತ್ತಿತ್ತು. ಅವಳ ಚಾಳೀಸು ಮಾತ್ರ ಚೀಲದಲ್ಲಿರಲಿಲ್ಲ. ಅದು ದೇವರ ಗೂಡಿನ ಮೇಲೆ, ಒಂದು ಕಡ್ಡಿ ಮುರಿದು, ಧೂಳು ಹಿಡಿದು ಬಿದ್ದಿತ್ತು. ಈ ಚೀಲದ ಒಡತಿಗೆ ಸಮುದ್ರ ನೋಡುವ ಕೆಲಸ ಇರಲಿಲ್ಲ.

ಒಳಕೋಣೆಗೆ ಹೊರಗಿನಿಂದ ಚಿಲಕ ಹಾಕಿತ್ತು. ಪದ್ಮವ್ವ ತೆಗೆದಳು. ಕಿಟಕಿ ಮುಚ್ಚಿದ ಕತ್ತಲೆಯಲ್ಲಿ ತ್ರಿಶಲಾ ಚಾಪೆಯ ಮೇಲೆ ಗೋಡೆಗೆ ಒರಗಿ ಕೂತಿದ್ದಳು. ಎಡಗೈ ಬಾತು, ನೀಲಿಯಾಗಿ, ಮಡಿಲಲ್ಲಿ ಬಿದ್ದಿತ್ತು. ಬಾಗಿಲು ತೆರೆದ ಸಪ್ಪಳಕ್ಕೆ ಅವಳು ತಲೆಯನ್ನು ತೋಳಿನಲ್ಲಿ ಮುಚ್ಚಿಕೊಂಡಳು.

“ತ್ರಿಶಲಾ, ನಾನವಾ. ದಾಕ್ಷಿ.”

ಅವಳು ಕಣ್ಣು ಕಿರಿದು ಮಾಡಿ ನನ್ನ ಕಡೆ ನೋಡಿದಳು. ಏನೂ ಕಾಣುತ್ತಿರಲಿಲ್ಲ. ಮುರಿದ ಚಾಳೀಸನ್ನು ನಾನೇ ಅವಳ ಮುಖಕ್ಕೆ ಹಿಡಿದೆ. ನನ್ನನ್ನು ನೋಡಿದಳು, ಪದ್ಮವ್ವನನ್ನು ನೋಡಿದಳು, ಬಾಗಿಲಲ್ಲಿ ಬಂದು ನಿಂತ ಉಳಿದವರನ್ನು ನೋಡಿದಳು.

“ಎಲ್ಲಾರೂ ಎಲ್ಲಿಗೆ ಹೊಂಟೀರಿ?” ಅಂದಳು.

“ಗೋಕರ್ಣಕ್ಕ ಹೋಗೂದಿತ್ತು. ನಮ್ಮ ಟ್ರಿಪ್.”

“ಯಾವ ಟ್ರಿಪ್?” ಅಂದಳು. “ನನಗ ಯಾಕ ಕೇಳಲಿಲ್ಲ?”

ಒಂದು ತಿಂಗಳಿನಿಂದ ನನ್ನ ಫೋನಿನಲ್ಲಿ ಖಂಡಿತ ಬರುತ್ತೇನೆ ಅಂತ ಕೂತವಳು ಇವಳೇ.

ಪೊಲೀಸರು ಬಂದರು. ಶ್ರೇಣಿಕ ಅವರ ಮುಂದೆಯೂ ನಯವಾಗಿ ಮಾತಾಡಿದ, ಹೆಂಡತಿಗೆ ತಲೆ ಸರಿಯಿಲ್ಲ ಅಂದ. ಸಂಘಮಿತ್ರಾ ತ್ರಿಶಲಾಳ ಕೈಗೆ ರಟ್ಟು ಕಟ್ಟಿ, ಮೂಳೆ ಮುರಿದಿದೆ, ಹಳೆಯ ಏಟು ಅಂತ ಅವರಿಗೆ ತೋರಿಸಿದಳು. ಪದ್ಮವ್ವ ಮತ್ತು ನಾನು ಫೋನಿನಲ್ಲಿದ್ದದ್ದನ್ನೆಲ್ಲ ತೋರಿಸಿದೆವು. ಅವನನ್ನು ಜೀಪಿನಲ್ಲಿ ಕೂರಿಸುವಾಗ ನನ್ನ ಕಡೆ ಒಮ್ಮೆ ನೋಡಿದ. ಆ ನೋಟ ಇವತ್ತಿಗೂ ನನ್ನ ಅಂಗಡಿಯ ಬಾಗಿಲಲ್ಲಿ ನೆರಳು ಬಿದ್ದರೆ ನೆನಪಾಗುತ್ತದೆ. ಅವನು ಎಷ್ಟು ದಿನ ಒಳಗಿರುತ್ತಾನೆ, ಯಾರಿಗೂ ಗೊತ್ತಿಲ್ಲ.

ಹೇಳಿಕೆ, ಸಹಿ ಎಲ್ಲ ಮುಗಿದು ತ್ರಿಶಲಾಳನ್ನು ಬೆಳಗಾವಿಯ ದವಾಖಾನೆಗೆ ಕರೆದೊಯ್ಯಲು ಹೊರಟಾಗ ಬಿಸಿಲು ಇಳಿದಿತ್ತು. ಕ್ರೂಝರಿನಲ್ಲಿ ನಮ್ಮ ನಡುವೆ ಅವಳನ್ನು ಕೂರಿಸಿದೆವು. ಊರು ದಾಟುವವರೆಗೆ ಅವಳು ನನ್ನ ಸೆರಗು ಹಿಡಿದಿದ್ದಳು, ಬಿಡಲಿಲ್ಲ. ಕಬ್ಬಿನ ಗದ್ದೆಗಳ ಮೇಲೆ ಸೂರ್ಯ ಕೆಂಪಾಗತೊಡಗಿದ್ದ. ಅವಳು ಕಡ್ಡಿ ಮುರಿದ ಚಾಳೀಸನ್ನು ಒಂದು ಕೈಯಿಂದ ಹಿಡಿದು ಕಿಟಕಿಯಾಚೆ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದಳು:

“ದಾಕ್ಷಿ, ಹೊತ್ತ ಮುಳಗೂದರಾಗ ಊಟಕ್ಕ ಎಲ್ಲಿ ನಿಲ್ಲಸ್ತೀರಿ?”

ಬೀರಸಿದ್ದಪ್ಪ ಗಾಡಿಯನ್ನು ರಸ್ತೆಯ ಬದಿಗೆ ಹಾಕಿದ. ಕಾಡವ್ವ ರೊಟ್ಟಿಯ ಗಂಟು ಬಿಚ್ಚಿದಳು. ನನಗೆ ಅಳು ತಡೆಯಲಾಗಲಿಲ್ಲ. ಕಣ್ಣೊರೆಸಿಕೊಂಡು, ಗುರುವಾರ ಅರ್ಧಕ್ಕೆ ಬಿಟ್ಟಿದ್ದ ಪಟ್ಟಿಯನ್ನು ಚೀಲದಿಂದ ತೆಗೆದು ಅವಳ ಹೆಸರು ಬರೆದೆ.